ಸೋಮವಾರದಿಂದ ಟ್ಯಾಲಿ ಬದಲು: ಆಫೀಸಿನ ನೋಟಿಸಿನಲ್ಲಿ ಏನಿರಬೇಕು?

2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳ ಲೆಕ್ಕಪತ್ರಕ್ಕೆ ಹೊಸದೊಂದು ಷರತ್ತು ಬಂತು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕಂಪನಿಯ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕದ ಸಮೇತ ದಾಖಲಿಸಿಕೊಳ್ಳಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಮಾಡಿದ ಈ ನಿಯಮ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಅನ್ವಯಿಸುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿಗಾಗಲಿ, ಪಾಲುದಾರಿಕೆಯ ವ್ಯಾಪಾರಕ್ಕಾಗಲಿ ಇದು ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಟ್ಯಾಲಿ ಸಂಸ್ಥೆ ಇದಕ್ಕೆಂದೇ ‘ಎಡಿಟ್ ಲಾಗ್’ ಎಂಬ ಪ್ರತ್ಯೇಕ ಆವೃತ್ತಿ ತಂದಿತು. ಅದರಲ್ಲಿ ಈ ದಾಖಲೆಯನ್ನು ಆಫ್ ಮಾಡುವ ಆಯ್ಕೆಯೇ ಇಲ್ಲ.

ನಿಯಮ ದೆಹಲಿಯಲ್ಲಿ ಆಯಿತು, ಸಾಫ್ಟ್‌ವೇರ್ ಬೆಂಗಳೂರಿನಲ್ಲಿ ತಯಾರಾಯಿತು. ಇವೆರಡರ ನಂತರ ಒಂದು ಚಿಕ್ಕ ಕೆಲಸ ಪ್ರತಿ ಆಫೀಸಿನಲ್ಲೂ ಉಳಿದಿತ್ತು: “ಇನ್ನು ಮುಂದೆ ಹೀಗೆ ಮಾಡಬೇಕು” ಎಂದು ಜೊತೆಯಲ್ಲಿ ಕೆಲಸ ಮಾಡುವವರಿಗೆ ಯಾರಾದರೂ ತಿಳಿಸಬೇಕು. ಬದಲಾವಣೆ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದು ಊಹೆಯ ಉದಾಹರಣೆ ಇಟ್ಟುಕೊಂಡು ಇದನ್ನು ನೋಡೋಣ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದಿಟ್ಟುಕೊಳ್ಳಿ. ಲೆಕ್ಕ ವಿಭಾಗದಲ್ಲಿ ನಾಲ್ವರು, ಸ್ಟೋರ್ಸ್‌ನಲ್ಲಿ ಇಬ್ಬರು, ಬಿಲ್ಲಿಂಗ್‌ನಲ್ಲಿ ಒಬ್ಬರು ಟ್ಯಾಲಿ ಬಳಸುತ್ತಾರೆ. ವರ್ಷಗಳಿಂದ ಏಳೂ ಜನ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದಾರೆ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. 2023ರ ಮಾರ್ಚ್ ಕೊನೆಯ ವಾರ ಅವರ ವಾಟ್ಸಾಪ್ ಗ್ರೂಪಿಗೆ ಹೀಗೊಂದು ಸಂದೇಶ ಬರುತ್ತದೆ: “ಸರ್ಕಾರದ ನಿಯಮಾನುಸಾರ ಏಪ್ರಿಲ್ 1ರಿಂದ ಟ್ಯಾಲಿ ಎಡಿಟ್ ಲಾಗ್ ಜಾರಿಗೆ ಬರಲಿದೆ. ಎಲ್ಲರೂ ಸಹಕರಿಸಬೇಕಾಗಿ ಕೋರಿಕೆ.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದ ಸ್ಟೋರ್ಸ್‌ನವರಿಗೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಸಹಕರಿಸುವುದು ಅಂದರೆ ಏನು? ಕಾರಣವನ್ನು ‘ಸರ್ಕಾರದ ನಿಯಮ’ ಎಂದಷ್ಟೇ ಹೇಳಿದ್ದರಿಂದ ಉಳಿದದ್ದನ್ನು ಅವರವರೇ ತುಂಬಿಕೊಳ್ಳುತ್ತಾರೆ. ಯಾರು ಯಾವಾಗ ಏನು ತಿದ್ದಿದರು ಎಂದು ಬರೆದಿಡುವ ಸಾಫ್ಟ್‌ವೇರ್ ಬರುತ್ತಿದೆ ಎಂದು ಕೇಳಿದವರ ಮನಸ್ಸಿಗೆ ಮೊದಲು ಬರುವುದು “ಯಜಮಾನರಿಗೆ ನಮ್ಮ ಮೇಲೆ ಅನುಮಾನ ಬಂದಿದೆ” ಎಂಬ ಮಾತು. ಎರಡನೆಯದು “ಇನ್ನು ತಪ್ಪಾದರೆ ತಿದ್ದುವ ಹಾಗೇ ಇಲ್ಲವಂತೆ” ಎಂಬುದು. ಮಧ್ಯಾಹ್ನದ ಊಟದ ಹೊತ್ತಿಗೆ ಇವೆರಡೂ ಎಲ್ಲರ ಬಾಯಲ್ಲಿರುತ್ತವೆ.

ಆದ್ದರಿಂದ ಕಾರಣ ಹೇಳುವಾಗ ಎರಡು ವಾಕ್ಯ ಹೆಚ್ಚು ಬರೆದರೂ ನಷ್ಟವಿಲ್ಲ. ಇದು ದೇಶದ ಎಲ್ಲ ಕಂಪನಿಗಳಿಗೂ ಬಂದ ನಿಯಮ, ನಮ್ಮಲ್ಲಿ ಯಾರೋ ತಪ್ಪು ಮಾಡಿದ್ದರಿಂದ ಬಂದದ್ದಲ್ಲ ಎಂದು ಬಿಡಿಸಿ ಹೇಳಬೇಕು. ಈ ದಾಖಲೆ ವರ್ಷವಿಡೀ ನಡೆದಿತ್ತೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಲೇಬೇಕು ಎಂಬುದನ್ನೂ ಸೇರಿಸಬೇಕು. ಅದರ ಜೊತೆಗೆ ಬದಲಾಗದಿರುವುದನ್ನು ಹೇಳಬೇಕು: ತಪ್ಪಾದ ವೋಚರನ್ನು ಮೊದಲಿನಂತೆಯೇ ತಿದ್ದಬಹುದು, ತಿದ್ದಿದ ಗುರುತು ಮಾತ್ರ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ನೋಟಿಸಿನಲ್ಲಿ ಅತಿ ಮುಖ್ಯವಾದ ವಾಕ್ಯ ಇದೇ. ಹೊಸದರ ವಿವರ ಕೊಡುವ ಉತ್ಸಾಹದಲ್ಲಿ ಬರೆಯುವವರು ಮೊದಲು ಮರೆಯುವುದೂ ಇದನ್ನೇ.

ದಿನಾಂಕದ ವಿಷಯ ನೋಡಲು ಸುಲಭ, ನಿಜಕ್ಕೂ ತೊಡಕಿನದು. ‘ಏಪ್ರಿಲ್ 1ರಿಂದ’ ಎಂದರೆ ಏನರ್ಥ? ಮಾರ್ಚ್ 28ರ ತಾರೀಖಿನ ಖರೀದಿ ಬಿಲ್ಲೊಂದು ಏಪ್ರಿಲ್ 3ರಂದು ಸ್ಟೋರ್ಸ್‌ಗೆ ಬರುತ್ತದೆ. ಅದನ್ನು ಹಳೆಯ ಟ್ಯಾಲಿಯಲ್ಲಿ ಹಾಕಬೇಕೋ ಹೊಸದರಲ್ಲೋ? ಬಿಲ್ಲಿನ ತಾರೀಖು ನೋಡಿದವರು ಹಳೆಯದರಲ್ಲಿ ಹಾಕುತ್ತಾರೆ, ಕ್ಯಾಲೆಂಡರ್ ನೋಡಿದವರು ಹೊಸದರಲ್ಲಿ. ಇಬ್ಬರೂ ನೋಟಿಸನ್ನು ಪಾಲಿಸಿದ್ದಾರೆ. ಆದರೆ ಡೇಟಾ ಎರಡು ಕಡೆ ಹಂಚಿಹೋಗುತ್ತದೆ, ಮಾರ್ಚ್ ತಿಂಗಳ ಬಾಕಿ ತಾಳೆಯಾಗುವುದಿಲ್ಲ. ಕಾನೂನಿನ ಪ್ರಕಾರ ನಿಯಮ ಅನ್ವಯಿಸುವುದು 2023ರ ಏಪ್ರಿಲ್ 1ರಂದು ಅಥವಾ ಆಮೇಲೆ ಶುರುವಾಗುವ ಆರ್ಥಿಕ ವರ್ಷಕ್ಕೆ. ಆದರೆ ಕಾನೂನಿನ ದಿನಾಂಕವೇ ಕೆಲಸದ ದಿನಾಂಕವಾಗಬೇಕೆಂದೇನೂ ಇಲ್ಲ. ಮೊದಲೇ ಶುರು ಮಾಡಿದರೆ ತಡೆಯುವವರಿಲ್ಲ, ಹಳೆಯ ವರ್ಷದ ತಡವಾದ ಬಿಲ್ಲಿಗೂ ತಿದ್ದುಪಡಿಯ ಗುರುತು ಉಳಿದರೆ ನಷ್ಟವೂ ಇಲ್ಲ.

ಮತ್ತೆ, ಆ ವರ್ಷದ ಏಪ್ರಿಲ್ 1 ಬಿದ್ದದ್ದು ಶನಿವಾರ. ಅದರ ಹಿಂದಿನ ದಿನ ವರ್ಷಾಂತ್ಯ. ಲೆಕ್ಕ ವಿಭಾಗದವರಿಗೆ ಉಸಿರಾಡಲೂ ಬಿಡುವಿಲ್ಲದ ಆ ವಾರದಲ್ಲಿ ಸಾಫ್ಟ್‌ವೇರ್ ಬದಲಿಸುವುದು ಕ್ರೂರವೇ ಸರಿ. ಹಾಗಾಗಿ ನಮ್ಮ ಪೀಣ್ಯದ ಕಂಪನಿಗೆ ಮಾರ್ಚ್ 27ರ ಸೋಮವಾರ ಒಳ್ಳೆಯ ದಿನ. ಹಿಂದಿನ ಭಾನುವಾರ ಬ್ಯಾಕಪ್ ತೆಗೆದು ಹೊಸ ಆವೃತ್ತಿ ಹಾಕಬಹುದು, ಏನಾದರೂ ಕೈಕೊಟ್ಟರೆ ಸರಿಪಡಿಸಲು ಐದು ದಿನ ಕೈಯಲ್ಲಿರುತ್ತವೆ. ನೋಟಿಸ್ ಹೊರಡಿಸಲು ಮಾರ್ಚ್ 13 ಸೂಕ್ತ, ಏಕೆಂದರೆ 11ಕ್ಕೆ ಜಿಎಸ್‌ಟಿಆರ್-1 ಸಲ್ಲಿಕೆ ಮುಗಿದಿರುತ್ತದೆ. 20ಕ್ಕೆ 3ಬಿ ಇರುವುದರಿಂದ ತರಬೇತಿಯನ್ನು 21ಕ್ಕೆ ಇಡಬೇಕು, 22ರಂದು ಯುಗಾದಿ. ಬದಲಾವಣೆಯ ದಿನಾಂಕ ಗೊತ್ತುಮಾಡುವವರು ಓದುವವರ ಕ್ಯಾಲೆಂಡರನ್ನು ಎದುರಿಗೆ ಇಟ್ಟುಕೊಳ್ಳಬೇಕು.

ಈಗ ನೋಟಿಸನ್ನು ಹೊಸದಾಗಿ ಬರೆಯೋಣ.

“ವಿಷಯ: ಮಾರ್ಚ್ 27, ಸೋಮವಾರದಿಂದ ಟ್ಯಾಲಿಯ ಹೊಸ ಆವೃತ್ತಿ. ಮಾರ್ಚ್ 24ರೊಳಗೆ ನಿಮ್ಮದೇ ಲಾಗಿನ್ ಪಡೆದುಕೊಳ್ಳಿ.

ಎಲ್ಲ ಕಂಪನಿಗಳೂ ಲೆಕ್ಕದ ತಿದ್ದುಪಡಿಗಳ ದಾಖಲೆ ಇಡಬೇಕೆಂಬ ನಿಯಮ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ. ನಮ್ಮ ಆಡಿಟರ್ ಇದನ್ನು ಪರಿಶೀಲಿಸಿ ವರದಿ ಮಾಡಬೇಕಾಗುತ್ತದೆ. ಅದಕ್ಕಾಗಿ ಟ್ಯಾಲಿ ಎಡಿಟ್ ಲಾಗ್ ಆವೃತ್ತಿಗೆ ಹೋಗುತ್ತಿದ್ದೇವೆ. ತಪ್ಪಾದ ವೋಚರನ್ನು ಮೊದಲಿನಂತೆಯೇ ತಿದ್ದಬಹುದು, ಯಾರು ಯಾವಾಗ ತಿದ್ದಿದರು ಎಂಬುದು ದಾಖಲಾಗಿರುತ್ತದೆ.

ಮಾರ್ಚ್ 25, ಶನಿವಾರ ಸಂಜೆ 5ಕ್ಕೆ ಹಳೆಯ ಟ್ಯಾಲಿ ಮುಚ್ಚುತ್ತದೆ. 27ರಿಂದ ಎಲ್ಲ ಎಂಟ್ರಿಯೂ ಹೊಸದರಲ್ಲೇ. ಬಿಲ್ಲಿನ ತಾರೀಖು ಯಾವುದೇ ಇರಲಿ.

ಟ್ಯಾಲಿ ಬಳಸುವ ಏಳು ಜನರೂ 24ರೊಳಗೆ ಹಿರಿಯ ಅಕೌಂಟೆಂಟ್ ಬಳಿ ಬಂದು ನಿಮ್ಮ ಹೆಸರಿನ ಯೂಸರ್ ಐಡಿ ಪಡೆದು, ಪಾಸ್‌ವರ್ಡನ್ನು ನೀವೇ ಹಾಕಿಕೊಳ್ಳಿ. 27ರಿಂದ ‘ಅಡ್ಮಿನ್’ ಲಾಗಿನ್ ನಿಮಗೆ ತೆರೆಯುವುದಿಲ್ಲ. ಮಾರ್ಚ್ 21, ಮಂಗಳವಾರ ಮಧ್ಯಾಹ್ನ 3ರಿಂದ 4ರವರೆಗೆ ಮೀಟಿಂಗ್ ರೂಮಿನಲ್ಲಿ ತೋರಿಸಿಕೊಡುತ್ತೇವೆ. ಟ್ಯಾಲಿ ಬಳಸದವರು ಏನೂ ಮಾಡಬೇಕಾಗಿಲ್ಲ.

ಪ್ರಶ್ನೆ ಇದ್ದರೆ: ಹಿರಿಯ ಅಕೌಂಟೆಂಟ್, ಎಕ್ಸ್‌ಟೆನ್ಷನ್ 14. 27 ಮತ್ತು 28ರಂದು ಬೆಳಿಗ್ಗೆ 9ರಿಂದ 11ರವರೆಗೆ ಅವರು ಸ್ಟೋರ್ಸ್‌ನಲ್ಲೇ ಇರುತ್ತಾರೆ.”

ವಿಷಯದ ಸಾಲನ್ನು ಮಾತ್ರ ಓದಿ ಮೊಬೈಲ್ ಜೇಬಿಗೆ ಹಾಕಿಕೊಂಡವರಿಗೂ ದಿನಾಂಕ ಮತ್ತು ಮಾಡಬೇಕಾದ ಕೆಲಸ ತಲುಪಿರುತ್ತದೆ. ‘ಬಿಲ್ಲಿನ ತಾರೀಖು ಯಾವುದೇ ಇರಲಿ’ ಎಂಬ ನಾಲ್ಕು ಪದ ಮಾರ್ಚ್ 28ರ ಬಿಲ್ಲಿನ ಗೊಂದಲವನ್ನು ಮುಗಿಸುತ್ತವೆ. ಮಾಡಬೇಕಾದ್ದನ್ನು ‘ಸಹಕರಿಸಿ’, ‘ಗಮನಿಸಿ’ ಎಂಬ ಮಾತುಗಳಲ್ಲಿ ಹೇಳಿಲ್ಲ. ಬಂದು ಐಡಿ ಪಡೆದು ಪಾಸ್‌ವರ್ಡ್ ಹಾಕಿಕೊಂಡರೋ ಇಲ್ಲವೋ ಎಂಬುದನ್ನು ಏಳು ಹೆಸರಿನ ಪಟ್ಟಿಯಲ್ಲಿ ಗುರುತು ಹಾಕಿ ನೋಡಬಹುದು. 23ರ ಗುರುವಾರ ಇನ್ನೂ ಬಾರದವರಿಗೆ ಮಾತ್ರ ನೆನಪಿಸಿದರೆ ಸಾಕು, ಎಲ್ಲರಿಗೂ ಮತ್ತೆ ಮತ್ತೆ ಕಳುಹಿಸಿದ ಸಂದೇಶವನ್ನು ಮೂರನೆಯ ಸಲ ಯಾರೂ ಓದುವುದಿಲ್ಲ.

ಕೇಳುವ ಜಾಗ ಗ್ರೂಪ್ ಆಗಿರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಪ್ಪತ್ತು ವರ್ಷ ಸ್ಟೋರ್ಸ್ ನೋಡಿಕೊಂಡವರು “ಪಾಸ್‌ವರ್ಡ್ ಹಾಕುವುದು ಹೇಗೆ ಸರ್?” ಎಂದು ಎಲ್ಲರೆದುರು ಕೇಳುವುದಿಲ್ಲ. ಪಕ್ಕದವರ ಐಡಿಯಲ್ಲಿ ಕೆಲಸ ಮುಗಿಸಿಕೊಳ್ಳುತ್ತಾರೆ, ದಾಖಲೆಯ ಉದ್ದೇಶವೇ ಅಲ್ಲಿಗೆ ಕೆಡುತ್ತದೆ. ಒಬ್ಬ ವ್ಯಕ್ತಿ, ಒಂದು ನಂಬರ್, ಮೊದಲ ಎರಡು ದಿನ ಅವರ ಟೇಬಲ್ಲಿನ ಬಳಿಯೇ ಒಬ್ಬರು: ಇಷ್ಟಿದ್ದರೆ ಪ್ರಶ್ನೆಗಳು ಹೊರಗೆ ಬರುತ್ತವೆ. ಒಂದೇ ಪ್ರಶ್ನೆಯನ್ನು ಮೂವರು ಕೇಳಿದರೆ ಕೊರತೆ ಇರುವುದು ನೋಟಿಸಿನಲ್ಲಿ, ಆಗ ಆ ಉತ್ತರವನ್ನು ಎಲ್ಲರಿಗೂ ಕಳುಹಿಸಬೇಕು.

ತಿಳಿವಳಿಕೆ ನಿಜವಾಗಿ ತಲುಪಿತೇ ಎಂಬುದಕ್ಕೆ ಈ ಪ್ರಕರಣದಲ್ಲಿ ಒಂದು ಅನುಕೂಲವಿದೆ, ಸಾಫ್ಟ್‌ವೇರೇ ಅದನ್ನು ತೋರಿಸುತ್ತದೆ. ಎರಡು ವಾರ ಕಳೆದ ಮೇಲೆ ಲಾಗ್ ತೆರೆದಾಗ ಬಹುಪಾಲು ಎಂಟ್ರಿಗಳು ಒಬ್ಬರದೇ ಹೆಸರಿನಲ್ಲಿದ್ದರೆ ಐಡಿ ಹಂಚಿಕೆ ಮತ್ತೆ ಶುರುವಾಗಿದೆ ಎಂದರ್ಥ. ಇನ್ನೊಂದು ಲಕ್ಷಣ ಸೂಕ್ಷ್ಮವಾದದ್ದು. ದಿನವೂ ಬರುತ್ತಿದ್ದ ಎಂಟ್ರಿಗಳು ನಿಂತು, ತಿಂಗಳ ಕೊನೆಯಲ್ಲಿ ಒಟ್ಟಿಗೆ ಬೀಳತೊಡಗಿದರೆ ಯಾರೋ ಎಕ್ಸೆಲ್‌ನಲ್ಲಿ ಲೆಕ್ಕ ಬರೆದಿಟ್ಟು, ಎಲ್ಲ ಸರಿಯಾದ ಮೇಲಷ್ಟೇ ಟ್ಯಾಲಿಗೆ ಹಾಕುತ್ತಿದ್ದಾರೆ. ತಿದ್ದಿದರೆ ಸಿಕ್ಕಿಬೀಳುತ್ತೇವೆ ಎಂಬ ಭಯ ಅವರಲ್ಲಿ ಉಳಿದಿದೆ. ಅವರನ್ನು ಗದರಿಸಿದರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಕಾರಣವನ್ನು ಎದುರು ಕುಳಿತು ಮತ್ತೊಮ್ಮೆ ಹೇಳಬೇಕು, ಮುಖ್ಯಸ್ಥರೇ ತಮ್ಮ ತಪ್ಪು ವೋಚರೊಂದನ್ನು ಅವರೆದುರು ತಿದ್ದಿ ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಂಗತಿ. ಈ ನಿಯಮ ಮೊದಲು ಜಾರಿಯಾಗಬೇಕಿದ್ದುದು 2021ರ ಏಪ್ರಿಲ್ 1ರಂದು. ಅಧಿಸೂಚನೆ ಬಂದದ್ದು ಅದೇ ಮಾರ್ಚ್ 24ರಂದು, ಮಧ್ಯೆ ಒಂದೇ ವಾರ. ಬಳಿಕ ಅದನ್ನು 2022ಕ್ಕೆ, ಮತ್ತೆ 2023ಕ್ಕೆ ಮುಂದೂಡಿದರು. ಮೊದಲ ಸಲವೇ ಸಿಬ್ಬಂದಿಗೆ ತಿಳಿಸಿದ್ದ ಆಫೀಸು “ದಿನಾಂಕ ಮುಂದೂಡಲಾಗಿದೆ” ಎಂಬ ಒಂದೇ ಸಾಲು ಕಳುಹಿಸಿ ಸುಮ್ಮನಾದರೆ ಅದರ ಪರಿಣಾಮ ಮುಂದಿನ ವರ್ಷ ಕಾಣುತ್ತದೆ. “ಇದೂ ಮುಂದಕ್ಕೆ ಹೋಗುತ್ತದೆ ಬಿಡಿ” ಎನ್ನುತ್ತಾ ಯಾರೂ ಐಡಿ ಪಡೆಯಲು ಬರುವುದಿಲ್ಲ. ದಿನಾಂಕ ಬದಲಾದರೆ ಹಳೆಯ ನೋಟಿಸು ರದ್ದಾಗಿದೆ ಎಂದು ಹೇಳಿ, ಕಾರಣದಿಂದ ಕೇಳುವ ಜಾಗದವರೆಗೆ ಪೂರ್ತಿ ನೋಟಿಸನ್ನು ಹೊಸ ದಿನಾಂಕದೊಂದಿಗೆ ಮತ್ತೆ ಕಳುಹಿಸಬೇಕು. ಮುಂದೂಡಿದ್ದು ಏಕೆ ಎಂಬುದನ್ನೂ ಬರೆಯಬೇಕು.

ನಿಮ್ಮ ಆಫೀಸಿನಲ್ಲಿ ಇಂಥ ನೋಟಿಸು ಬರೆಯುವ ಜವಾಬ್ದಾರಿ ನಿಮ್ಮದಾಗಿದ್ದರೆ, ಕಳುಹಿಸುವ ಮುಂಚೆ ಅದನ್ನು ಸ್ಟೋರ್ಸ್‌ನವರೊಬ್ಬರ ಕೈಗೆ ಕೊಟ್ಟು “ಇದನ್ನು ಓದಿ ಸೋಮವಾರ ನೀವೇನು ಮಾಡುತ್ತೀರಿ?” ಎಂದು ಕೇಳಿ. ಅವರ ಉತ್ತರ ನಿಮ್ಮ ಮನಸ್ಸಿನಲ್ಲಿದ್ದದ್ದಕ್ಕೆ ಹೊಂದದಿದ್ದರೆ ನೋಟಿಸನ್ನು ತಿದ್ದಿ, ಆಮೇಲೆ ಕಳುಹಿಸಿ.