ಅರ್ಧ ಸಂಬಳದ ಕೆಲಸ, ಪೂರ್ತಿ ಲೆಕ್ಕ

ನಮ್ಮಕ್ಕನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ನಾಲ್ಕು ವರ್ಷ ಎರಡು ತಿಂಗಳಾಯಿತು. ಪ್ಯಾಕೇಜು 14 ಲಕ್ಷ. ಈಚೆಗೆ ರಾಯಚೂರಿನಲ್ಲಿ ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಎನ್‌ಜಿಒ ಒಂದು ಅವಳನ್ನು ಕರೆಯಿತು. ಮಕ್ಕಳ ಕಲಿಕೆಯ ಅಂಕಿಅಂಶ ನೋಡಿಕೊಳ್ಳುವ ಕೆಲಸ, ತಿಂಗಳಿಗೆ 60 ಸಾವಿರ. "ಅರ್ಧಕ್ಕರ್ಧ ಬಿಟ್ಟು ಹೋಗ್ತೀಯೇನೇ?" ಎಂದು ಅಕ್ಕ ಗಾಬರಿಯಾದಳು. ಒಂದು ಭಾನುವಾರ ಮೂವರೂ ಕಾಗದ ಹಿಡಿದು ಕೂತೆವು.

ಮೊದಲು ತಿಳಿದದ್ದು, 14 ಲಕ್ಷ ಎನ್ನುವುದು ಕೈಗೆ ಬರುವ ಹಣವಲ್ಲ ಎಂಬುದು. ಅದರಲ್ಲಿ 1 ಲಕ್ಷ 40 ಸಾವಿರ 'ವೇರಿಯಬಲ್'. ಕಳೆದ ವರ್ಷ ಬಂದದ್ದು ಅರ್ಧ ಮಾತ್ರ. ಕಂಪನಿ ಕಟ್ಟುವ ಪಿ.ಎಫ್., ಗ್ರಾಚ್ಯುಟಿ, ವಿಮೆಯ ಕಂತು ಎಲ್ಲವೂ ಅದರೊಳಗೇ ಸೇರಿವೆ. ತಿಂಗಳಿಗೆ ಬ್ಯಾಂಕಿಗೆ ಬೀಳುವುದು ಸುಮಾರು 97 ಸಾವಿರ. ಅದರಲ್ಲಿ ಬಾಡಿಗೆಯ ಪಾಲು, ಊಟ, ಆಫೀಸಿನ ಓಡಾಟಕ್ಕೆ 33 ಸಾವಿರ ಹೋಗುತ್ತದೆ. ಉಳಿಯುವುದು 64 ಸಾವಿರ. ರಾಯಚೂರಿನಲ್ಲಿ ಕೈಗೆ 58 ಸಾವಿರ ಸಿಕ್ಕಿ, ಅವೇ ಖರ್ಚಿಗೆ 13 ಸಾವಿರದಷ್ಟು ಹೋದರೆ 45 ಸಾವಿರ ಉಳಿಯುತ್ತದೆ. ಬಂದ ವೇರಿಯಬಲ್ಲನ್ನೂ ಸೇರಿಸಿಕೊಂಡರೆ ನಿಜವಾದ ಅಂತರ ವರ್ಷಕ್ಕೆ ಸುಮಾರು 3 ಲಕ್ಷ. ಕಾಗದದ ಮೇಲೆ ಅದು 6 ಲಕ್ಷ 80 ಸಾವಿರ ಇತ್ತು. ಆದರೆ ಕೆಲಸ ಬೆಂಗಳೂರಿನಲ್ಲೇ ಇದ್ದಿದ್ದರೆ ಅಂತರ ಇಷ್ಟು ಇಳಿಯುತ್ತಿರಲಿಲ್ಲ.

ಅಕ್ಕನ ಮುಖ ಸಡಿಲವಾಗುವಷ್ಟರಲ್ಲಿ ವಿಮೆಯ ಮಾತು ಬಂತು. ಕಂಪನಿಯ ಗುಂಪು ಪಾಲಿಸಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಭಾವನ ಸಕ್ಕರೆ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆಯಿದೆ. ಎನ್‌ಜಿಒ ಪಾಲಿಸಿ ಅವಳೊಬ್ಬಳಿಗೇ. ಅರವತ್ತರ ಆಸುಪಾಸಿನ ಇಬ್ಬರಿಗೆ ಹೊರಗೆ ಪಾಲಿಸಿ ಕೊಳ್ಳಲು ವರ್ಷಕ್ಕೆ 50 ಸಾವಿರವಾದರೂ ಬೇಕೆಂದು ಅಂದಾಜು ಮಾಡಿದೆವು. ಜೊತೆಗೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಸಂಬಳದ ಚೀಟಿಯಲ್ಲಿ ಕಾಣದ ಈ ಒಂದು ಸಾಲು ಅಂತರವನ್ನು ಮೂರೂವರೆ ಲಕ್ಷಕ್ಕೆ ಏರಿಸಿತು.

ಗ್ರಾಚ್ಯುಟಿಯದು ಇನ್ನೊಂದು ಕಥೆ. ಅವಳಂಥ ಕಾಯಂ ನೌಕರರಿಗೆ ಅದು ಐದು ವರ್ಷ ತುಂಬಿದ ಮೇಲೆ ಸಿಗುತ್ತದೆ. ತಿಂಗಳ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಅವಳ ಮೂಲ ವೇತನ 58 ಸಾವಿರ ಚಿಲ್ಲರೆ. ಐದು ವರ್ಷಕ್ಕೆ ಸುಮಾರು 1 ಲಕ್ಷ 68 ಸಾವಿರ. ಈಗಲೇ ಬಿಟ್ಟರೆ ಅದು ಕೈತಪ್ಪುತ್ತದೆ, ಹತ್ತು ತಿಂಗಳು ಕಾದರೆ ಬರುತ್ತದೆ.

ಭದ್ರತೆಯ ವಿಷಯದಲ್ಲಿ ಕೇಳಬೇಕಾದದ್ದು, ಈ ಹುದ್ದೆಗೆ ಯಾರ ದುಡ್ಡು, ಅದು ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು. ಇಲ್ಲಿಯದು ಸಿಎಸ್‌ಆರ್ ಹಣ. ಮುಂದಿನ ಮಾರ್ಚ್ ಅಲ್ಲ, ಅದರಾಚೆಯ ಮಾರ್ಚ್‌ವರೆಗೆ ಒಪ್ಪಂದವಿದೆ. ನವೀಕರಣ ತಡವಾದರೆ ಏಪ್ರಿಲ್, ಮೇ ಸಂಬಳ ಎಲ್ಲಿಂದ ಎಂದು ಅವಳು ಕೇಳಿದಾಗ, ನಾಲ್ಕು ತಿಂಗಳ ಮೀಸಲು ನಿಧಿಯಿದೆ ಎಂದು ಲೆಕ್ಕಪರಿಶೋಧನಾ ವರದಿಯನ್ನೇ ಕಳಿಸಿದರು. ಹೀಗೆ ತೋರಿಸುವ ಸಂಸ್ಥೆಯನ್ನು ನಂಬಬಹುದು. ವಿದೇಶಿ ದೇಣಿಗೆಯಾದರೆ ಇನ್ನೂ ಜಾಗ್ರತೆ ಬೇಕು: ಎಫ್‌ಸಿಆರ್‌ಎ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಮತ್ತು 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ. ಕಚೇರಿಯ ಹುದ್ದೆಗಳಿಗೆ ಅದರ ಬಿಸಿ ತಟ್ಟುತ್ತದೆ.

ಕೆಲವು ಕಡೆ ನೌಕರಿ ಎನ್ನದೆ 'ಕನ್ಸಲ್ಟೆಂಟ್' ಎಂದು ಬರೆಸಿಕೊಳ್ಳುತ್ತಾರೆ. ಆಗ ಶೇ 10 ತೆರಿಗೆ ಹಿಡಿದು ಉಳಿದದ್ದು ಕೊಡುತ್ತಾರೆ, ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ. ಸೇವೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ಇದನ್ನು ನುಂಗಿಕೊಳ್ಳಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಹಕ್ಕಿಗೆ ದುಡಿಯುವವರಿಗೂ ಮುಪ್ಪು ಬರುತ್ತದೆ.

ಬಿಡುವು ಸಿಗುತ್ತದೆಂದು ಅವಳು ಅಂದುಕೊಂಡಿದ್ದಳು. ದೇವದುರ್ಗ ತಾಲ್ಲೂಕಿನ ಶಾಲೆಗಳಿಗೆ ಎರಡು ದಿನ ಆ ತಂಡದ ಜೊತೆ ಓಡಾಡಿದಾಗ ಬೇರೆಯೇ ಕಂಡಿತು. ಬೆಳಿಗ್ಗೆ ಏಳಕ್ಕೆ ಜೀಪು, ಶನಿವಾರವೂ ಕೆಲಸ, ಮಾರ್ಚ್‌ನಲ್ಲಿ ದಾನಿಗಳಿಗೆ ವರದಿಗಳ ರಾಶಿ. ಆದರೂ ದಿನಕ್ಕೆ ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂರುವುದು ತಪ್ಪುತ್ತದೆ.

ಕಲಿಕೆಯ ಲೆಕ್ಕ ಎರಡೂ ಕಡೆ ತೂಗಿತು. ಕಂಪನಿಯಲ್ಲಿ ನಾಲ್ಕು ವರ್ಷ ಒಂದೇ ಮಾಡ್ಯೂಲು ನೋಡಿದ್ದಾಳೆ. ಇಲ್ಲಿ ಪ್ರಶ್ನಾವಳಿ ಮಾಡುವುದು, ಸಿ.ಆರ್.ಪಿ.ಗಳಿಗೆ ತರಬೇತಿ ಕೊಡುವುದು, ಬಿ.ಇ.ಒ. ಮುಂದೆ ಅಂಕಿಅಂಶ ಬಿಡಿಸಿ ಹೇಳುವುದು ಎಲ್ಲ ಅವಳದೇ. ಆದರೆ ಅವಳ ಕೋಡ್ ತಿದ್ದುವ ಹಿರಿಯರು ಅಲ್ಲಿ ಯಾರೂ ಇಲ್ಲ. ಮರಳಿ ಕಂಪನಿಗೆ ಬರಬೇಕೆನಿಸಿದರೆ ಆ ಕೊರತೆ ಕಾಡುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಮೂರೂವರೆ ಲಕ್ಷ ಹಾಗೇ ಉಳಿಯಿತು. ಎರಡನೆಯ ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಒತ್ತಕ್ಷರ ಕೂಡಿಸಿ ಓದಿದ್ದನ್ನು ನೋಡಿ ಬಂದಿದ್ದಳು. "ಅದಕ್ಕೆ ವರ್ಷಕ್ಕೆ ಇಷ್ಟು ಕೊಡಬಲ್ಲೆ ಮಾಮ, ಮೂರು ವರ್ಷದವರೆಗೆ" ಎಂದಳು. ಹತ್ತು ತಿಂಗಳು ಬಿಟ್ಟು ಸೇರುತ್ತೇನೆಂದು ಬರೆದಳು, ಒಪ್ಪಿದರು. ತನ್ನ ಖರ್ಚಿನಲ್ಲಿ ಅಪ್ಪ ಅಮ್ಮನನ್ನು ಗುಂಪು ಪಾಲಿಸಿಗೆ ಸೇರಿಸಿಕೊಳ್ಳುವಿರಾ ಎಂಬ ಪತ್ರಕ್ಕೆ ಉತ್ತರ ಇನ್ನೂ ಬರಬೇಕಿದೆ. ಅದು ಬರುವವರೆಗೆ ಸಹಿ ಹಾಕಬೇಡ ಎಂದಿದ್ದೇನೆ.