ನಾಲ್ಕು ಕಿಲೋಮೀಟರಿನ ಲೆಕ್ಕ

ಬಿಡದಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗನಿಗೆ ಬೆಂಗಳೂರಿನ ಗಾಂಧಿನಗರದ ಮುದ್ರಣಾಲಯವೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಕೈಗೆ ಬರುವ ಮುಂಚೆಯೇ ಸ್ಕೂಟರ್ ಶೋರೂಮಿನ ಕೊಟೇಶನ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಮಾಮ, ಸ್ಕೂಟರಿಗೆ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಬೀಳುತ್ತೆ. ಶೇರ್ ಆಟೋದವರು ನಮ್ಮೂರಿಂದ ಬಿಡದಿಗೆ ಇಪ್ಪತ್ತು ತಗೋತಾರೆ. ಅಂದ್ರೆ ಕಿಲೋಮೀಟರಿಗೆ ಐದು ರೂಪಾಯಿ. ನೀವೇ ಹೇಳಿ" ಎಂದ.

ಅವನು ಹೇಳಿದ ಎರಡೂ ಅಂಕಿ ಸರಿಯೇ. ಆದರೆ ಒಂದು ಪೆಟ್ರೋಲಿನ ಖರ್ಚು ಮಾತ್ರ, ಇನ್ನೊಂದು ಪ್ರಯಾಣದ ಪೂರ್ತಿ ಖರ್ಚು. ಆಟೋದ ಇಪ್ಪತ್ತು ರೂಪಾಯಿಯೊಳಗೆ ಇಂಧನ, ಟಯರು, ವಿಮೆ, ಗಾಡಿಯ ಸಾಲದ ಕಂತು, ಚಾಲಕರ ಕೂಲಿ ಎಲ್ಲವೂ ಸೇರಿವೆ. ಸ್ಕೂಟರಿನ ಎರಡೂಕಾಲು ರೂಪಾಯಿಯೊಳಗೆ ಪೆಟ್ರೋಲ್ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಇಬ್ಬರೂ ಕೂತು ಒಂದು ತಿಂಗಳ ಲೆಕ್ಕವನ್ನು ಪೂರ್ತಿಯಾಗಿ ಬರೆದೆವು.

ಮೊದಲು ಭಾಗಿಸುವ ಸಂಖ್ಯೆ ಯಾವುದೆಂದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಬಸ್ಸು ಸುತ್ತಿಕೊಂಡು ಹೋದರೆ ಅದರ ಕಿಲೋಮೀಟರ್ ಹೆಚ್ಚುತ್ತದೆ, ಹೆಚ್ಚಿದ ಸಂಖ್ಯೆಯಿಂದ ಭಾಗಿಸಿದರೆ ಬಸ್ಸು ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ. ನಮಗೆ ಬೇಕಾದದ್ದು ಮನೆಯಿಂದ ಕೆಲಸದ ಜಾಗ ಮುಟ್ಟುವುದು, ವಾಹನ ಎಷ್ಟು ದೂರ ಓಡಿತು ಎಂಬುದಲ್ಲ. ಆದ್ದರಿಂದ ಎಲ್ಲ ವಾಹನಕ್ಕೂ ಒಂದೇ ದೂರ ಇಟ್ಟೆವು. ಮನೆಯಿಂದ ಬಿಡದಿಗೆ 4, ಬಿಡದಿಯಿಂದ ಗಾಂಧಿನಗರಕ್ಕೆ ಸುಮಾರು 32, ಒಟ್ಟು 36 ಕಿಲೋಮೀಟರ್. ಹೋಗಿ ಬರಲು 72. ತಿಂಗಳಿಗೆ 24 ದಿನದ ಕೆಲಸ ಎಂದರೆ 1,728 ಕಿಲೋಮೀಟರ್.

ಸ್ಕೂಟರಿನಿಂದ ಶುರು ಮಾಡಿದೆವು. ಕಂಪನಿಯವರು ಹೇಳುವ ಮೈಲೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟು, ಮತ್ತೆ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು ಎಂದು ನೋಡುವುದೇ ನಂಬುವ ದಾರಿ, ಅದನ್ನೂ ಮೂರು ನಾಲ್ಕು ಸಲ ಮಾಡಬೇಕು. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸ್ಕೂಟರಿನವರು ಸರ್ವೀಸ್ ರಸ್ತೆ ಹಿಡಿದು, ಹಂಪು ದಾಟುತ್ತಾ, ಕೆಂಗೇರಿಯಿಂದಾಚೆ ಸಿಗ್ನಲ್‌ಗಳಲ್ಲಿ ನಿಲ್ಲುತ್ತಾ ಹೋಗಬೇಕು. ಅಂಥ ರಸ್ತೆಯಲ್ಲಿ 110 ಸಿಸಿ ಸ್ಕೂಟರಿಗೆ ಲೀಟರಿಗೆ 45 ಕಿಲೋಮೀಟರ್ ಸಿಕ್ಕರೆ ಒಳ್ಳೆಯದೇ. ಪೆಟ್ರೋಲ್ ಲೀಟರಿಗೆ ₹103 ಎಂದು ಹಿಡಿದರೆ ಕಿಲೋಮೀಟರಿಗೆ ₹2.29. ಹುಡುಗ ಹೇಳಿದ ಎರಡೂಕಾಲು ಇದೇ.

ಇನ್ನು ಕಣ್ಣಿಗೆ ಬೀಳದ ಖರ್ಚು. ಸರ್ವೀಸ್, ಆಯಿಲ್, ಬ್ರೇಕ್ ಶೂ, ಬೆಲ್ಟ್, ಒಂದು ಜೊತೆ ಟಯರು ಇವೆಲ್ಲ ಪ್ರತಿದಿನ ಕೈಯಿಂದ ಹೋಗುವುದಿಲ್ಲ, ಆದರೆ ಓಡಿದ ಪ್ರತಿ ಕಿಲೋಮೀಟರಿಗೂ ಸವೆಯುತ್ತಲೇ ಇರುತ್ತವೆ. ಅದಕ್ಕೆ 65 ಪೈಸೆ ಇಟ್ಟೆವು. ಅದಕ್ಕಿಂತ ದೊಡ್ಡದು ಗಾಡಿಯ ಬೆಲೆ ಇಳಿಯುವುದು. ರಸ್ತೆಗಿಳಿಯಲು ಒಂದು ಲಕ್ಷ ಕೊಟ್ಟ ಸ್ಕೂಟರ್ ಐದು ವರ್ಷ ಹೀಗೆ ಓಡಿದರೆ ಒಂದು ಲಕ್ಷ ಕಿಲೋಮೀಟರ್ ದಾಟಿರುತ್ತದೆ. ಆಗ ಅದನ್ನು ಮಾರಿದರೆ ಇಪ್ಪತ್ತು ಸಾವಿರ ಬಂದೀತು. ಕರಗಿದ ಎಂಬತ್ತು ಸಾವಿರವನ್ನು ಹಂಚಿದರೆ ಕಿಲೋಮೀಟರಿಗೆ 77 ಪೈಸೆ. ವಿಮೆ ವರ್ಷಕ್ಕೆ ₹1,500 ಎಂದರೆ 7 ಪೈಸೆ. ಗಾಂಧಿನಗರದಲ್ಲಿ ದಿನಕ್ಕೆ ₹20 ಪಾರ್ಕಿಂಗ್ ಎಂದರೆ 28 ಪೈಸೆ. ಎಲ್ಲ ಕೂಡಿಸಿದರೆ ₹4.06. ತಿಂಗಳಿಗೆ ಏಳು ಸಾವಿರದಷ್ಟಾಯಿತು. ಸಾಲದ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ.

"ಅಂದ್ರೆ ಪೆಟ್ರೋಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇನಾ?" ಎಂದ. ಹೌದು, ಅದೂ ಅವನು ತುಂಬಾ ದೂರ ಓಡಿಸುವವನಾದ್ದರಿಂದ. ಗಾಡಿ ಕಡಿಮೆ ಓಡಿದಷ್ಟೂ ಪ್ರತಿ ಕಿಲೋಮೀಟರಿನ ಮೇಲೆ ಬೀಳುವ ಹೊರೆ ಏರುತ್ತದೆ. ಇದು ಮುಂದೆ ನಮಗೆ ಬೇಕಾಯಿತು.

ಬಸ್ಸಿನ ಲೆಕ್ಕ ಸುಲಭ. 2025ರ ಜನವರಿಯ ದರ ಏರಿಕೆಯ ನಂತರ ಬಿಎಂಟಿಸಿ ಸಾಮಾನ್ಯ ಬಸ್ಸಿನ ಮಾಸಿಕ ಪಾಸು ₹1,200. ಬಿಡದಿಯಿಂದ ಗಾಂಧಿನಗರದವರೆಗಿನ 32 ಕಿಲೋಮೀಟರನ್ನು ತಿಂಗಳಿಗೆ 48 ಸಲ ಓಡಾಡಿದರೆ 1,536 ಕಿಲೋಮೀಟರ್, ಹಾಗಾಗಿ ಕಿಲೋಮೀಟರಿಗೆ 78 ಪೈಸೆ. ಆದರೆ ಪಾಸಿನ ದರ ಪೂರ್ತಿ ತಿಂಗಳಿಗೆ, ನಾವು ಹತ್ತಿದ ದಿನಗಳಿಗಲ್ಲ. ಸಾಮಾನ್ಯ ಬಸ್ಸಿನ ದಿನದ ಪಾಸು ₹80. ಹದಿನೈದು ದಿನ ತೆಗೆದುಕೊಂಡರೆ ಅದೂ ₹1,200 ಆಗುತ್ತದೆ. ಮನೆಯಿಂದಲೇ ಕೆಲಸ ಮಾಡುವ ದಿನಗಳಿದ್ದು ತಿಂಗಳಿಗೆ ಹನ್ನೆರಡು ದಿನ ಮಾತ್ರ ಹೋಗುವವರಿಗೆ ದಿನದ ಪಾಸಿನಲ್ಲಿ ₹960 ಸಾಕು. ಅಭ್ಯಾಸಬಲದಿಂದ ತಿಂಗಳ ಪಾಸು ಮಾಡಿಸುವವರು ಒಂದು ಸಲ ಕ್ಯಾಲೆಂಡರ್ ನೋಡುವುದು ಒಳ್ಳೆಯದು.

ರೈಲು ಇವೆರಡಕ್ಕೂ ಹೋಲಿಕೆಯೇ ಇಲ್ಲದಷ್ಟು ಅಗ್ಗ. ಬಿಡದಿಯಿಂದ ಮೆಜೆಸ್ಟಿಕ್ ಎದುರಿನ ಕೆಎಸ್‌ಆರ್ ನಿಲ್ದಾಣಕ್ಕೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಮುನ್ನೂರು ರೂಪಾಯಿ ದಾಟುವುದಿಲ್ಲ. ಹೆಚ್ಚೇ ಇರಲಿ ಎಂದು ನಾವು ₹300 ಬರೆದೆವು. ಆಗಲೂ ಕಿಲೋಮೀಟರಿಗೆ 20 ಪೈಸೆ. ನಿಲ್ದಾಣದಿಂದ ಗಾಂಧಿನಗರಕ್ಕೆ ನಡೆದು ಹೋಗಬಹುದು. ಆದರೆ ಸೀಸನ್ ಟಿಕೆಟಿನಲ್ಲಿ ಕಾಯ್ದಿರಿಸಿದ ಬೋಗಿಗೆ ಹತ್ತುವಂತಿಲ್ಲ, ಎಲ್ಲ ಗಾಡಿಗಳೂ ಬಿಡದಿಯಲ್ಲಿ ನಿಲ್ಲುವುದೂ ಇಲ್ಲ. ತನ್ನ ಹೊತ್ತಿನ ಗಾಡಿ ತಪ್ಪಿದರೆ ಬಸ್ಸೇ ಗತಿ. ತಿಂಗಳಲ್ಲಿ ನಾಲ್ಕು ದಿನ ತಪ್ಪಿತು ಎಂದಿಟ್ಟುಕೊಂಡು ದಿನದ ಪಾಸಿನ ಲೆಕ್ಕದಲ್ಲಿ ₹320 ಸೇರಿಸಿದರೂ ರೈಲಿನವರ ಒಟ್ಟು ಖರ್ಚು ₹620, ಅಂದರೆ ಬಸ್ ಪಾಸಿನ ಸುಮಾರು ಅರ್ಧ.

ಇಷ್ಟಾದ ಮೇಲೆ ಶೇರ್ ಆಟೋ ಬಂತು. ಬಿಡದಿಗೆ ಒಬ್ಬರಿಗೆ ಇಪ್ಪತ್ತು ರೂಪಾಯಿ, ತಿಂಗಳಿಗೆ 48 ಸಲ, ಒಟ್ಟು ₹960. ಓಡಿದ್ದು 192 ಕಿಲೋಮೀಟರ್. ಈ ಹಾಳೆ ಇಟ್ಟುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಿಡದಿಯಿಂದ ಬೆಂಗಳೂರಿನ 32 ಕಿಲೋಮೀಟರಿಗೆ ರೈಲು ತಿಂಗಳಿಗೆ ₹300 ಕೇಳುತ್ತದೆ, ಅದಕ್ಕಿಂತ ಮುಂಚಿನ 4 ಕಿಲೋಮೀಟರಿಗೆ ಅದರ ಮೂರು ಪಟ್ಟಿಗಿಂತ ಹೆಚ್ಚು ಹೋಗುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಶೇರ್ ಆಟೋ ರೈಲಿಗಿಂತ ಇಪ್ಪತ್ತೈದು ಪಟ್ಟು ದುಬಾರಿ.

ಇದರಲ್ಲಿ ಆಟೋದವರು ಸುಲಿಯುತ್ತಿದ್ದಾರೆ ಎಂದುಕೊಳ್ಳುವುದು ಅನ್ಯಾಯ. ಬೆಂಗಳೂರಿನ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ ₹36, ಆಮೇಲೆ ಕಿಲೋಮೀಟರಿಗೆ ₹18. ಅದೇ ದರ ಹಾಕಿದರೆ ನಾಲ್ಕು ಕಿಲೋಮೀಟರಿಗೆ ₹72 ಆಗುತ್ತದೆ. ಹಳ್ಳಿ ದಾರಿಯ ಚಾಲಕರಿಗೆ ನಾಲ್ಕು ಜನ ತುಂಬಿದರೆ ₹80. ಆದರೆ ಬೆಳಿಗ್ಗೆ ಬಿಡದಿ ಕಡೆ ತುಂಬಿ ಹೋದ ಗಾಡಿ ವಾಪಸು ಹಳ್ಳಿಗೆ ಬರುವಾಗ ಖಾಲಿ, ಸಂಜೆ ಅದು ತಿರುಗುಮುರುಗು. ಬಿಡದಿಯಲ್ಲಿ "ಇನ್ನೊಬ್ಬರು, ಇನ್ನೊಬ್ಬರು" ಎಂದು ಕೂಗುತ್ತಾ ಕಾಯುವ ಹೊತ್ತೂ ಅವರದೇ. ಆಟೋ ಹೊರುವುದು ನಾಲ್ಕು ಜನರನ್ನು, ರೈಲಿನ ಒಂದೊಂದು ಬೋಗಿ ಹೊರುವುದು ನೂರಾರು ಜನರನ್ನು. ದರದ ವ್ಯತ್ಯಾಸ ಮುಖ್ಯವಾಗಿ ಹುಟ್ಟುವುದು ಅಲ್ಲಿ.

ಮನೆಯಿಂದ ಕೆಲಸದವರೆಗಿನ ಪೂರ್ತಿ ದಾರಿಗೆ ಲೆಕ್ಕ ಹಾಕಿದರೆ ಆಟೋ ಮತ್ತು ಬಸ್ಸು ಸೇರಿ ತಿಂಗಳಿಗೆ ₹2,160, ಕಿಲೋಮೀಟರಿಗೆ ₹1.25. ಆಟೋ ಮತ್ತು ರೈಲು ಸೇರಿ ₹1,260, ಕಿಲೋಮೀಟರಿಗೆ 73 ಪೈಸೆ. ಸ್ಕೂಟರಿನದು ₹4.06.

ಅಷ್ಟರಲ್ಲಿ ಒಳಗಿನಿಂದ ನನ್ನ ಅಕ್ಕನ ಸೊಸೆ ಮಾತು ಸೇರಿಸಿದಳು. ಅವಳೂ ಮೆಜೆಸ್ಟಿಕ್ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. "ನನಗೆ ಬಸ್ಸು ಫ್ರೀ ಅಲ್ವಾ ಮಾಮ, ನಾನ್ಯಾಕೆ ರೈಲು ಹತ್ತಲಿ?" ಎಂದಳು. ಅವಳ ಪ್ರಶ್ನೆಗೆ ಲೆಕ್ಕವೂ ಅವಳ ಪರವೇ ಇತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ, ಎಸಿ ಮತ್ತು ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸದು. ಅವಳಿಗೆ ಖರ್ಚು ಆಟೋದ ₹960 ಮಾತ್ರ, ಕಿಲೋಮೀಟರಿಗೆ 56 ಪೈಸೆ. ಒಂದೇ ಮನೆ, ಒಂದೇ ದಾರಿ, ಆದರೂ ಅವನಿಗೆ ರೈಲು ಅಗ್ಗ, ಅವಳಿಗೆ ಬಸ್ಸು ಅಗ್ಗ. ಇಬ್ಬರ ಖರ್ಚಿನಲ್ಲೂ ದೊಡ್ಡ ಪಾಲು ಆ ನಾಲ್ಕು ಕಿಲೋಮೀಟರಿನದೇ.

ಹುಡುಗ ಬಿಡಲಿಲ್ಲ. "ಸರಿ, ಬೆಂಗಳೂರಿಗೆ ರೈಲಲ್ಲೇ ಹೋಗ್ತೀನಿ. ಬಿಡದಿ ಸ್ಟೇಷನ್‌ವರೆಗೆ ಮಾತ್ರ ಸ್ಕೂಟರ್ ಇಟ್ಕೊಳ್ಳೋಣ. ಎರಡೂಕಾಲು ಎಲ್ಲಿ, ಐದು ಎಲ್ಲಿ?" ಎಂದ.

ಗಾಡಿ ಕಡಿಮೆ ಓಡಿದರೆ ಏನಾಗುತ್ತದೆ ಎಂದು ಆಗ ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೆ ಎಂಟು ಕಿಲೋಮೀಟರ್ ಎಂದರೆ ವರ್ಷಕ್ಕೆ 2,304. ಐದು ವರ್ಷದ ನಂತರವೂ ಸ್ಕೂಟರ್ ಚೆನ್ನಾಗಿಯೇ ಇರುತ್ತದೆ, ನಲವತ್ತು ಸಾವಿರಕ್ಕೆ ಮಾರಿದ ಎಂದಿಟ್ಟುಕೊಳ್ಳೋಣ. ಕರಗಿದ ಅರವತ್ತು ಸಾವಿರವನ್ನು ಹಂಚಿಕೊಳ್ಳಲು ಬರೀ 11,520 ಕಿಲೋಮೀಟರ್ ಇದೆ. ಕಿಲೋಮೀಟರಿಗೆ ₹5.21 ಬೆಲೆ ಇಳಿತದಲ್ಲೇ ಹೋಗುತ್ತದೆ, ಅಷ್ಟಕ್ಕೇ ಆಟೋ ದರ ದಾಟಿತು. ಪೆಟ್ರೋಲ್, ರಿಪೇರಿ, ವಿಮೆ ಸೇರಿದರೆ ₹8.80. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸುವ ದುಡ್ಡು ಅದರ ಮೇಲೆ. ಮನೆಯಲ್ಲಿ ಈಗಾಗಲೇ ಗಾಡಿ ಇದ್ದು, ಬೇರೆ ಕೆಲಸಕ್ಕೂ ಅದು ಬೇಕೇ ಬೇಕು ಎನ್ನುವವರ ಲೆಕ್ಕ ಬೇರೆ. ಅವರು ಬೆಲೆ ಇಳಿತವನ್ನೂ ವಿಮೆಯನ್ನೂ ಈ ದಾರಿಗೆ ಹೊರಿಸಬೇಕಿಲ್ಲ, ಪೆಟ್ರೋಲ್ ಮತ್ತು ಸವೆತದ ಸುಮಾರು ಮೂರು ರೂಪಾಯಿ ಲೆಕ್ಕ ಹಾಕಿದರೆ ಸಾಕು. ಗಾಡಿ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಒಂದು ಅಂಕಿ, ಇರುವ ಗಾಡಿಯನ್ನು ಇವತ್ತು ಹೊರತೆಗೆಯಬೇಕೇ ಎಂಬ ಪ್ರಶ್ನೆಗೆ ಇನ್ನೊಂದು.

ಅವರ ಮನೆಯಲ್ಲಿ ಭಾವನ ಹಳೇ ಸ್ಕೂಟರ್ ಇದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಅದು ಬೇಕು, ಹಾಗಾಗಿ ಹುಡುಗ ಬೆಳಿಗ್ಗೆ ಶೇರ್ ಆಟೋದಲ್ಲೇ ಹೋಗುತ್ತಾನೆ. ಸಂಜೆ ಮಾತ್ರ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ಇಪ್ಪತ್ತು ರೂಪಾಯಿ ಉಳಿಯುತ್ತದೆ ಎಂದರು ಭಾವ. ಅಕ್ಕ ಅಲ್ಲೇ ಬಾಯಿಲೆಕ್ಕ ಹಾಕಿದಳು. ಕರೆತರಲು ಗಾಡಿ ಹೋಗಿ ಬರಬೇಕು, ಎಂಟು ಕಿಲೋಮೀಟರ್. ಕಿಲೋಮೀಟರಿಗೆ ಮೂರು ರೂಪಾಯಿ ಹತ್ತಿರ ಎಂದರೆ ₹23. "ಇಪ್ಪತ್ತು ಉಳಿಸೋಕೆ ಇಪ್ಪತ್ಮೂರಾ?" ಎಂದಳು. ಈಗ ಸಂಜೆಯೂ ಅವನು ಆಟೋದಲ್ಲೇ ಬರುತ್ತಾನೆ. ಕೊನೆಯ ಗಾಡಿ ತಡವಾಗಿ ಆಟೋ ಸಿಗದ ರಾತ್ರಿ ಮಾತ್ರ ಭಾವ ಸ್ಕೂಟರ್ ತೆಗೆಯುತ್ತಾರೆ.