ಹದ ನೀರಿನ ಲೆಕ್ಕ

"ಅಡುಗೆಮನೆ ನಲ್ಲಿ ನಿಲ್ಸೀ!" ಬೆಳಗ್ಗೆ ಏಳೂವರೆಗೆ ನಮ್ಮ ಮನೆಯ ಬಚ್ಚಲಿನಿಂದ ಈ ಕೂಗು ಬರುವುದು ಮಾಮೂಲು. ಶವರಿನ ಕೆಳಗೆ ನಿಂತವರಿಗೆ ನೀರು ಇದ್ದಕ್ಕಿದ್ದಂತೆ ಸುಡತೊಡಗಿರುತ್ತದೆ. ಪಾತ್ರೆ ತೊಳೆಯುತ್ತಿದ್ದವರು ಮುಟ್ಟಿದ್ದು ತಣ್ಣೀರಿನ ನಲ್ಲಿಯನ್ನು. ಹಾಗಿದ್ದರೆ ಬಚ್ಚಲಲ್ಲಿ ಬಿಸಿ ಹೆಚ್ಚಿದ್ದು ಹೇಗೆ?

ಉತ್ತರ ಗೋಡೆಯೊಳಗಿನ ಮಿಕ್ಸರಿನಲ್ಲಿದೆ. ಅದು ಅಂಗೈಯಗಲದ ಹಿತ್ತಾಳೆಯ ಡಬ್ಬಿ. ಒಂದು ಕಡೆಯಿಂದ ಗೀಸರಿನ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಟ್ಯಾಂಕಿನ ನೀರು. ಬೆರೆತದ್ದು ಮೂರನೆಯ ಬಾಯಿಂದ ಹೊರಗೆ ಹೋಗುತ್ತದೆ. ಒಂದು ಭಾನುವಾರ ಬಕೆಟ್ಟು, ಥರ್ಮಾಮೀಟರು, ತಕ್ಕಡಿ ಇಟ್ಟುಕೊಂಡು ಇದರ ಲೆಕ್ಕ ನೋಡಿದೆ. ಬಿಸಿನೀರು 65 ಡಿಗ್ರಿ ಸೆಲ್ಸಿಯಸ್, ತಣ್ಣೀರು 20, ಶವರಿನಿಂದ ಬೀಳುವ ಹದ ನೀರು 38. ಬಕೆಟ್ಟಿಗೆ ನಿಮಿಷಕ್ಕೆ 10 ಕಿಲೋ ನೀರು ಬೀಳುತ್ತಿತ್ತು. ಲೀಟರಿಗಿಂತ ತೂಕವನ್ನು ನಂಬುವುದು ಮೇಲು, ಏಕೆಂದರೆ ನೀರು ಬಿಸಿಯಾದಂತೆ ಹಿಗ್ಗುತ್ತದೆ. 65 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 980 ಗ್ರಾಂ ಅಷ್ಟೇ ತೂಗುತ್ತದೆ.

ಈ ಹತ್ತು ಕಿಲೋದಲ್ಲಿ ಬಿಸಿಯ ಪಾಲೆಷ್ಟು? ಎರಡು ನಲ್ಲಿಗಳನ್ನೂ ಬೇರೆಬೇರೆಯಾಗಿ ತಿರುಗಿಸಿ ಅಳೆಯಲು ಹೋದರೆ ಮೋಸಹೋಗುತ್ತೇವೆ. ಒಂದನ್ನು ಮುಚ್ಚಿದರೆ ಇನ್ನೊಂದರ ಹರಿವೇ ಬದಲಾಗಿಬಿಡುತ್ತದೆ. ಅದನ್ನು ಮೂರು ಉಷ್ಣತೆಗಳಿಂದಲೇ ತಿಳಿಯಬಹುದು. ಬಿಸಿನೀರಿಗೂ ತಣ್ಣೀರಿಗೂ ಅಂತರ 45 ಡಿಗ್ರಿ. ಹದ ನೀರು ತಣ್ಣೀರಿಗಿಂತ 18 ಡಿಗ್ರಿ ಮೇಲಿದೆ. 18ನ್ನು 45ರಿಂದ ಭಾಗಿಸಿದರೆ 0.4. ಅಂದರೆ ಬಿಸಿನೀರು 4 ಕಿಲೋ, ತಣ್ಣೀರು 6 ಕಿಲೋ.

ಇದರ ಹಿಂದಿರುವ ನಿಯಮ ಸರಳ: ಬಿಸಿನೀರು ಕಳೆದುಕೊಂಡ ಶಾಖವಷ್ಟನ್ನೂ ತಣ್ಣೀರು ಪಡೆಯುತ್ತದೆ. ನಾಲ್ಕು ಕಿಲೋ 27 ಡಿಗ್ರಿ ಇಳಿಯಿತು, ಗುಣಿಸಿದರೆ 108. ಆರು ಕಿಲೋ 18 ಡಿಗ್ರಿ ಏರಿತು, ಅದೂ 108. ಕೊಟ್ಟದ್ದು, ಪಡೆದದ್ದು ಸರಿಹೋಯಿತು. ಸೂತ್ರವಾಗಿ ಬರೆದರೆ ಹೊರಬರುವ ನೀರಿನ ಉಷ್ಣತೆ ಹೀಗೆ:

T = (m₁T₁ + m₂T₂) / (m₁ + m₂)

ಇದು ಬರೀ ಸರಾಸರಿಯಲ್ಲ, ಹರಿವಿನ ತೂಕಕ್ಕೆ ತಕ್ಕ ಸರಾಸರಿ. 65 ಮತ್ತು 20ನ್ನು ಕೂಡಿ ಎರಡರಿಂದ ಭಾಗಿಸಿದರೆ 42.5 ಬರುತ್ತದೆ, ಆದರೆ ಎರಡೂ ಸಮನಾಗಿ ಹರಿದರೆ ಮಾತ್ರ ಅದು ನಿಜ. ಬೆಳಗಿನ ಕೂಗಿನ ಗುಟ್ಟೂ ಇಲ್ಲಿಯೇ ಇದೆ. ಅಡುಗೆಮನೆಯ ನಲ್ಲಿ ತೆರೆದಾಗ ಬಚ್ಚಲಿಗೆ ಬರುವ ತಣ್ಣೀರು ಆರರಿಂದ ನಾಲ್ಕು ಕಿಲೋಗೆ ಇಳಿಯಿತು ಎನ್ನಿ. ಶವರಿನ ನೀರು ತಟ್ಟನೆ 42.5 ಡಿಗ್ರಿ ಮುಟ್ಟುತ್ತದೆ. ಬಿಸಿನೀರಿನ ಉಷ್ಣತೆ ಏರಿಲ್ಲ, ಅದನ್ನು ತಣಿಸುವ ಪಾಲು ಕಡಿಮೆಯಾಗಿದೆ.

ಈ ಲೆಕ್ಕ ಎರಡು ಷರತ್ತುಗಳ ಮೇಲೆ ನಿಂತಿದೆ. ಮೊದಲನೆಯದು, ಶಾಖ ಡಬ್ಬಿಯಿಂದ ಹೊರಗೆ ಸೋರಬಾರದು. ಇಂಥ ಬೆರಕೆಗೆ ಎಂಜಿನಿಯರುಗಳು 'ಅಡಿಯಾಬ್ಯಾಟಿಕ್' ಎನ್ನುತ್ತಾರೆ. ಹಿತ್ತಾಳೆ ಮುಟ್ಟಿದರೆ ಬೆಚ್ಚಗಿರುತ್ತದೆ ನಿಜ, ಆದರೆ ಅಷ್ಟು ಸಣ್ಣ ಮೈಯಿಂದ ಸೋರುವುದು ಹತ್ತಿಪ್ಪತ್ತು ವ್ಯಾಟ್ ಮೀರದು. ಅದರೊಳಗೆ ಬಿಸಿನೀರು ಹೊತ್ತು ತರುವುದು ಹನ್ನೆರಡೂವರೆ ಕಿಲೋವ್ಯಾಟ್. ಹಾಗಾಗಿ ಸೋರಿಕೆಯನ್ನು ಲೆಕ್ಕಕ್ಕೆ ಇಡಬೇಕಿಲ್ಲ. ಎರಡನೆಯದು, ಹರಿವು ಮತ್ತು ಉಷ್ಣತೆ ಸ್ಥಿರವಾಗಿರಬೇಕು. ನಲ್ಲಿ ತಿರುಗಿಸಿದ ಮೊದಲ ನಿಮಿಷದಲ್ಲಿ ಪೈಪೇ ಶಾಖ ಹೀರುತ್ತಿರುತ್ತದೆ. 25 ಲೀಟರಿನ ಗೀಸರಾದರೆ ಐದಾರು ನಿಮಿಷದಲ್ಲಿ ಅದರ ನೀರೇ ತಣ್ಣಗಾಗತೊಡಗುತ್ತದೆ. ಅಳತೆ ಇವೆರಡರ ನಡುವಿನ ಹೊತ್ತಿನಲ್ಲಿ ಆಗಬೇಕು.

ಶಾಖವೆಲ್ಲ ಉಳಿಯಿತು ಎಂದಾದರೆ ಬೆರೆಸುವುದರಿಂದ ನಷ್ಟವೇನೂ ಇಲ್ಲವೇ? ಇದೆ. 38 ಡಿಗ್ರಿಯ ಹತ್ತು ಕಿಲೋ ನೀರು ತನ್ನಷ್ಟಕ್ಕೆ ಮತ್ತೆ 65 ಮತ್ತು 20 ಡಿಗ್ರಿಯ ಪಾಲುಗಳಾಗಿ ಒಡೆಯುವುದಿಲ್ಲ. ಒಡೆದರೂ ಶಾಖದ ಲೆಕ್ಕಕ್ಕೆ ಏನೂ ಚ್ಯುತಿ ಬಾರದು, ಆದರೂ ಹಾಗೆ ಆಗುವುದಿಲ್ಲ. ಹಿಂದಿರುಗದ ಈ ಹೆಜ್ಜೆಯನ್ನು ಅಳೆಯುವುದಕ್ಕೆ ಇರುವ ಮಾಪನವೇ ಎಂಟ್ರೊಪಿ. 1865ರಲ್ಲಿ ಆ ಹೆಸರಿಟ್ಟವನು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್.

ಅಳೆಯುವ ಬಗೆ ಕಷ್ಟದ್ದಲ್ಲ. ಕೈಬದಲಾದ ಶಾಖವನ್ನು ಅದು ಬದಲಾದ ಉಷ್ಣತೆಯಿಂದ ಭಾಗಿಸಬೇಕು. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.18 ಕಿಲೋಜೌಲ್ ಬೇಕು. ಆದ್ದರಿಂದ ನಮ್ಮ 108 ಎಂದರೆ ನಿಮಿಷಕ್ಕೆ 451 ಕಿಲೋಜೌಲ್. ಬಿಸಿನೀರು ಅದನ್ನು 65ರಿಂದ 38ಕ್ಕೆ ಇಳಿಯುತ್ತ, ಸುಮಾರು 51.5 ಡಿಗ್ರಿಯ ಆಸುಪಾಸಿನಲ್ಲಿ ಕೊಟ್ಟಿತು. ಕೆಲ್ವಿನ್ನಿನಲ್ಲಿ ಅದು 324.5. ಭಾಗಿಸಿದರೆ 1.39. ತಣ್ಣೀರು ಅದೇ ಶಾಖವನ್ನು 20ರಿಂದ 38ಕ್ಕೆ ಏರುತ್ತ, ಸುಮಾರು 302 ಕೆಲ್ವಿನ್ನಿನಲ್ಲಿ ಪಡೆಯಿತು. ಭಾಗಿಸಿದರೆ 1.49. ಒಂದು ಕಳೆದುಕೊಂಡಿದ್ದಕ್ಕಿಂತ ಇನ್ನೊಂದು ಪಡೆದದ್ದು ಹೆಚ್ಚು. ನಡುವಿನ 0.10 ಕಿಲೋಜೌಲ್ ಪ್ರತಿ ಕೆಲ್ವಿನ್ ಎಲ್ಲಿಂದಲೂ ಬಂದದ್ದಲ್ಲ, ಪ್ರತಿ ನಿಮಿಷವೂ ಮಿಕ್ಸರಿನೊಳಗೇ ಹುಟ್ಟಿದ್ದು.

ಪಠ್ಯಪುಸ್ತಕಗಳು ಸರಾಸರಿಯ ಬದಲು ಲಾಗರಿದಮ್ ಬಳಸುತ್ತವೆ: m₁c ln(T/T₁) + m₂c ln(T/T₂). ಅದರಿಂದ ಬರುವುದು 0.103. ಇಲ್ಲಿ ವಿದ್ಯಾರ್ಥಿಗಳು ಜಾರಿಬೀಳುವುದು ಕೆಲ್ವಿನ್ ಬದಲು ಸೆಲ್ಸಿಯಸ್ ಹಾಕಿ. ಆಗ ಉತ್ತರ 7 ದಾಟುತ್ತದೆ, ನಿಜಕ್ಕಿಂತ ಎಪ್ಪತ್ತು ಪಟ್ಟು. ಉತ್ತರ ಋಣವಾಗದೆ ಧನವಾಗಿಯೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಈ 0.10ರ ಬೆಲೆಯೇನು? ಅದನ್ನು ಸುತ್ತಲಿನ ಉಷ್ಣತೆಯಿಂದ, ಅಂದರೆ 293 ಕೆಲ್ವಿನ್ನಿನಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 30 ಕಿಲೋಜೌಲ್. ಒಂದು ಆದರ್ಶ ಯಂತ್ರ ಆ ಬಿಸಿನೀರಿನಿಂದ ತೆಗೆಯಬಹುದಾಗಿದ್ದ ಕೆಲಸ 52 ಕಿಲೋಜೌಲ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆರಕೆಯಲ್ಲೇ ಮುಗಿಯಿತು. ಶಾಖ ಉಳಿದರೂ ಅದರ ಕಸುವು ಹೋಯಿತು.

ಹಾಗಾದರೆ ಮಿಕ್ಸರನ್ನು ಬಯ್ಯೋಣವೇ? ಸ್ವಲ್ಪ ತಾಳಿ. ಗೀಸರಿನೊಳಗೆ 20ರಿಂದ 65ಕ್ಕೆ ನೀರು ಕಾಯುವಾಗ ಹುಟ್ಟುವ ಎಂಟ್ರೊಪಿ 2.39. ವಿದ್ಯುತ್ತು ತನ್ನೊಂದಿಗೆ ಎಂಟ್ರೊಪಿ ತರುವುದಿಲ್ಲವಾದ್ದರಿಂದ ಇದಷ್ಟೂ ಅಲ್ಲೇ ಹುಟ್ಟಿದ್ದು. ಮಿಕ್ಸರಿನದನ್ನೂ ಕೂಡಿದರೆ 2.49. ಬೆರಕೆಯೇ ಇಲ್ಲದೆ ಹತ್ತೂ ಕಿಲೋ ನೀರನ್ನು ನೇರವಾಗಿ 38ಕ್ಕೆ ಕಾಯಿಸಿದರೂ ಅಷ್ಟೇ, 2.49. ಕರೆಂಟೂ ಅಷ್ಟೇ ಸುಡುತ್ತದೆ. ಕಾಯಿಲ್ ಗೀಸರಿನ ಮನೆಯಲ್ಲಿ ಬೆರಕೆಗೆ ಬಿಲ್ಲಿಲ್ಲ, ಕಸುವೆಲ್ಲ ಕಾಯಿಲಿನಲ್ಲೇ ಆಗಲೇ ಹೋಗಿರುತ್ತದೆ. ಹೆಚ್ಚು ಬಿಸಿಯ ಟ್ಯಾಂಕು ಗೋಡೆಯ ಮೂಲಕ ಒಂದಿಷ್ಟು ಹೆಚ್ಚು ಶಾಖ ಸೋರುವುದಷ್ಟೇ ಅಲ್ಲಿನ ವ್ಯತ್ಯಾಸ.

ಹೀಟ್ ಪಂಪ್ ಇದ್ದರೆ ಕಥೆ ಬೇರೆ. ಅದು ಶಾಖವನ್ನು ಹೊರಗಿನ ಗಾಳಿಯಿಂದ ಎತ್ತಿ ತರುತ್ತದೆ, ಎತ್ತರ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಆದರ್ಶ ಪಂಪಿಗೆ ಈ ಸ್ನಾನದ ನೀರನ್ನು ನೇರವಾಗಿ 38ಕ್ಕೆ ಕಾಯಿಸಲು ನಿಮಿಷಕ್ಕೆ 22 ಕಿಲೋಜೌಲ್ ಸಾಕು. 65ಕ್ಕೆ ಏರಿಸಿ ಬೆರೆಸುವುದಾದರೆ 52 ಬೇಕು. ನಡುವಿನ 30, ಮಿಕ್ಸರಿನಲ್ಲಿ ಕಳೆದುಹೋಯಿತೆಂದು ನಾವು ಆಗಲೇ ಎಣಿಸಿದ ಅದೇ 30. ಹಾಗೆಂದು ಟ್ಯಾಂಕನ್ನು 38ಕ್ಕೇ ಇಟ್ಟುಬಿಡುವಂತಿಲ್ಲ. ನಿಂತ ಉಗುರುಬೆಚ್ಚಗಿನ ನೀರು ಲೀಜಿಯೊನೆಲ್ಲ ಬ್ಯಾಕ್ಟೀರಿಯಾಕ್ಕೆ ಇಷ್ಟದ ಜಾಗ. ಆದ್ದರಿಂದಲೇ ದಾಸ್ತಾನು ನೀರನ್ನು 60 ಡಿಗ್ರಿಯ ಸುತ್ತ ಇಡಬೇಕೆನ್ನುವುದು. ಹೀಟ್ ಪಂಪಿನ ಮನೆಯವರು ಮಿಕ್ಸರಿನಲ್ಲಿ ಕಳೆಯುವ ಕಸುವಿಗೆ ತೆರುವ ಹಣ, ಒಂದರ್ಥದಲ್ಲಿ ಆರೋಗ್ಯಕ್ಕೆ ಕಟ್ಟುವ ಕಂತು.